ಇಂಟರ್ನ್‌ಶಿಪ್ ಬೇಡವೆನ್ನುವ ಪತ್ರ

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಎರಡು ತಿಂಗಳದ್ದು. ಅದಕ್ಕೆ ಆಯ್ಕೆಯಾದ ವಿದ್ಯಾರ್ಥಿನಿಗೆ ಅದೇ ತಿಂಗಳುಗಳಲ್ಲಿ ಕಂಪನಿಯೊಂದರ ಇಂಟರ್ನ್‌ಶಿಪ್ ಆಫರ್ ಕೂಡ ಬಂದಿದೆ ಎನ್ನೋಣ. ಸಂಶೋಧನೆಯನ್ನು ಆರಿಸಿಕೊಂಡ ಮೇಲೆ ಅವಳು ಕಂಪನಿಗೆ ಬರೆಯಬೇಕಾದ್ದು ಇಷ್ಟೇ:

“ಮಾನ್ಯರೇ, ಇಂಟರ್ನ್‌ಶಿಪ್ ನೀಡಲು ಮುಂದಾದದ್ದಕ್ಕೆ ಧನ್ಯವಾದಗಳು. ಆದರೆ ಅದನ್ನು ನಾನು ಒಪ್ಪಿಕೊಳ್ಳುತ್ತಿಲ್ಲ. ಇದೇ ಮೇ–ಜೂನ್‌ನಲ್ಲಿ ಸಸ್ಯರೋಗಗಳ ಕುರಿತ ಸಂಶೋಧನಾ ಯೋಜನೆಗೆ ಸೇರುತ್ತಿದ್ದೇನೆ. ಸಂದರ್ಶನಕ್ಕೆ ನೀವು ಕೊಟ್ಟ ಸಮಯಕ್ಕೆ ಕೃತಜ್ಞಳು.”

ಎರಡನೆಯ ವಾಕ್ಯವೇ ಈ ಪತ್ರದ ಜೀವ. ಸಂಕೋಚಪಟ್ಟು “ಸದ್ಯಕ್ಕೆ ಕಷ್ಟವಾಗಬಹುದು” ಎಂದು ಬರೆದರೆ ಕಂಪನಿಯವರು ಜಾಗ ಹಾಗೇ ಉಳಿಸಿಕೊಂಡು, ದಿನಾಂಕ ಬದಲಿಸೋಣವೇ ಎಂದು ಕೇಳುತ್ತಾರೆ. ಅಂಥ ಮರುಪ್ರಶ್ನೆ ಬಂತೆಂದರೆ ಪತ್ರ ಸ್ಪಷ್ಟವಾಗಿರಲಿಲ್ಲ ಎಂದರ್ಥ. ಕಾರಣಕ್ಕೆ ಒಂದು ಸಾಲು ಸಾಕು. ಸ್ಟೈಪೆಂಡಿನ ಹೋಲಿಕೆ ಖಂಡಿತ ಬೇಡ.

ಆಫರಿಗೆ ಮೊದಲೇ ಸಹಿ ಹಾಕಿದ್ದರೆ ಮಾತು ಬೇರೆ. ಆಗ ಕರಾರಿನ ಷರತ್ತು ಓದಿ, ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೆ ತಿಳಿಸಿ, ಕಂಪನಿಗೆ ಫೋನ್ ಮಾಡಿ ಕ್ಷಮೆ ಕೇಳಿದ ನಂತರವೇ ಪತ್ರ ಕಳಿಸಬೇಕು. ಒಪ್ಪಿದ ಆಫರ್ ಬಿಟ್ಟವರನ್ನು ಮುಂದಿನ ಕ್ಯಾಂಪಸ್ ಸಂದರ್ಶನಗಳಿಗೆ ಸೇರಿಸದ ಕಾಲೇಜುಗಳೂ ಇವೆ.

ಮಾರ್ಗದರ್ಶಕರು ದಿನಾಂಕ ಖಚಿತಪಡಿಸಿದ ದಿನವೇ ಪತ್ರ ಹೋಗಲಿ. ಆ ಜಾಗಕ್ಕೆ ಕಾಯುತ್ತಿರುವ ಇನ್ನೊಬ್ಬ ವಿದ್ಯಾರ್ಥಿಯನ್ನು ಕರೆಯಲು ಕಂಪನಿಗೆ ಸಮಯ ಬೇಕು.