ಕೊರಳಲ್ಲಿ ನೇತಾಡುವ ಇಯರ್ ಪ್ಲಗ್

ಹೆಬ್ಬಗೋಡಿ, ಬೊಮ್ಮಸಂದ್ರ ಕಡೆಯ ಪ್ರೆಸ್ ಶಾಪುಗಳಲ್ಲಿ ದಾರ ಕಟ್ಟಿದ ಇಯರ್ ಪ್ಲಗ್ ಹೊಸದೇನಲ್ಲ. ಆದರೆ ಅದು ಕಿವಿಯಲ್ಲಿ ಎಷ್ಟು ಹೊತ್ತು ಇರುತ್ತದೆ, ಕೊರಳಲ್ಲಿ ಎಷ್ಟು ಹೊತ್ತು ನೇತಾಡುತ್ತದೆ ಎಂದು ಲೆಕ್ಕ ಇಡುವವರು ಕಡಿಮೆ. ಕಿವಿ ಮಾತ್ರ ಆ ಲೆಕ್ಕವನ್ನು ತಪ್ಪದೆ ಇಡುತ್ತದೆ.

ಒಂದು ಉದಾಹರಣೆ ನೋಡೋಣ. ಪವರ್ ಪ್ರೆಸ್ಸಿನ ಪಕ್ಕ ನಿಂತವನ ಕಿವಿಯ ಬಳಿ ಸದ್ದು ಸರಾಸರಿ 97 ಡೆಸಿಬೆಲ್ ಇದೆ ಎನ್ನಿ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಯ ಶಿಫ್ಟಿಗೆ ಮಿತಿ 90 ಡೆಸಿಬೆಲ್. ಅದರ ಮೇಲೆ ಪ್ರತಿ 5 ಡೆಸಿಬೆಲ್ ಏರಿದಂತೆ ನಿಲ್ಲಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಹಾಗೆ ನೋಡಿದರೆ 97ರಲ್ಲಿ ಸುಮಾರು ಮೂರು ಗಂಟೆ ನಿಲ್ಲಬಹುದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಸಲಹೆ ಇದಕ್ಕಿಂತ ಬಿಗಿ: ಎಂಟು ಗಂಟೆಗೆ 85, ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, ಅದಕ್ಕೇ ಈ ಲೆಕ್ಕ. ಇದರ ಪ್ರಕಾರ 97ರಲ್ಲಿ ಇಡೀ ದಿನಕ್ಕೆ ಸಿಗುವುದು ಅರ್ಧ ಗಂಟೆ ಮಾತ್ರ. ಕಿವಿಯ ಹಿತ ನೋಡುವವರು ಈ ಎರಡನೆಯದನ್ನೇ ನಂಬುವುದು ಒಳ್ಳೆಯದು.

ಆ ಅರ್ಧ ಗಂಟೆಯಲ್ಲೇ ಇರುವುದು ಕಥೆ. ಏಳೂವರೆ ಗಂಟೆ ಪ್ಲಗ್ ಹಾಕಿ, ಸೂಪರ್‌ವೈಸರ್ ಮಾತಿಗೆ ಐದು ನಿಮಿಷ, ಫೋನಿಗೆ ಹತ್ತು ನಿಮಿಷ, ಬೆವರು ಒರೆಸಲು ಮತ್ತೊಂದಿಷ್ಟು ಎಂದು ಪ್ರೆಸ್ಸಿನ ಪಕ್ಕದಲ್ಲೇ ಅದನ್ನು ತೆಗೆದವನು ದಿನದ ಪಾಲನ್ನು ಅಷ್ಟರಲ್ಲೇ ಮುಗಿಸಿರುತ್ತಾನೆ. 30 ಡೆಸಿಬೆಲ್ ತಡೆಯುವ ಪ್ಲಗ್ ಹೀಗೆ ಅರ್ಧ ಗಂಟೆ ಹೊರಗಿದ್ದರೆ, ಇಡೀ ಶಿಫ್ಟಿಗೆ ಸಿಕ್ಕ ರಕ್ಷಣೆ ಸುಮಾರು 12 ಡೆಸಿಬೆಲ್ ಅಷ್ಟೆ.

ತೆಗೆಯುವುದು ಸೋಮಾರಿತನದಿಂದ ಎನ್ನುವುದು ಸುಲಭ. ಆದರೆ ಕಿವಿ ಚೆನ್ನಾಗಿರುವವನಿಗೆ ಅಷ್ಟು ಗದ್ದಲದಲ್ಲಿ ಪ್ಲಗ್ ಹಾಕಿಕೊಂಡರೂ ಎದುರಿನವರ ಮಾತು ತಿಳಿಯುತ್ತದೆ. ಪ್ಲಗ್ ಮಾತನ್ನೂ ಗದ್ದಲವನ್ನೂ ಒಟ್ಟಿಗೇ ತಗ್ಗಿಸುತ್ತದೆ. ಆಗಲೇ ಕಿವಿ ಸವೆದವನಿಗೆ ಮಾತು ಪೂರ್ತಿ ಮುಳುಗಿಹೋಗುತ್ತದೆ. ‘ಇದನ್ನ ಹಾಕಿದ್ರೆ ಏನೂ ಕೇಳ್ಸಲ್ಲ ಸಾರ್’ ಎಂದು ಪದೇ ಪದೇ ಕಿತ್ತು ಹಾಕುವವನನ್ನು ಗದರುವ ಮೊದಲು ಅವನ ಕಿವಿ ಪರೀಕ್ಷೆ ಮಾಡಿಸಬೇಕು.

ಸವೆಯುವುದು ಒಳಗಿವಿಯ ಶಂಖದಂಥ ಸುರುಳಿಯೊಳಗಿನ ರೋಮಕೋಶಗಳು. ಒಂದು ಕಿವಿಗೆ ಸುಮಾರು 15,000. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲ ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಸ್ವರಗಳನ್ನು ಹಿಡಿಯುವ ಜಾಗಕ್ಕೆ. ಕಿವಿಯ ನಾಳವೇ 3,000 ಹರ್ಟ್ಸ್ ಸುತ್ತಲಿನ ಸದ್ದನ್ನು ಹಿಗ್ಗಿಸಿ ಒಳಗೆ ಕಳಿಸುವುದು ಇದಕ್ಕೊಂದು ಕಾರಣ. ಸ, ಶ, ತ, ಕಗಳಂಥ ವ್ಯಂಜನಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬೇಕಾದ ಸೂಕ್ಷ್ಮಗಳು ಈ ಎತ್ತರದ ಸ್ವರಗಳಲ್ಲಿವೆ. ಅ, ಓಗಳು ಕೆಳಗಿನ ಸ್ವರಗಳಲ್ಲಿ ನೆಮ್ಮದಿಯಾಗಿವೆ. ಹಾಗಾಗಿ ‘ಕೇಳ್ಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ’ ಎನ್ನುವುದು ಈ ಕಾಯಿಲೆಯ ಸರಿಯಾದ ವರ್ಣನೆ. ಶಿಫ್ಟ್ ಮುಗಿದ ಮೇಲೆ ಕಿವಿ ಗುಂಯ್‌ಗುಟ್ಟುವುದು, ಮನೆಯಲ್ಲಿ ಟಿವಿ ಸದ್ದು ಏರುತ್ತಾ ಹೋಗುವುದು ಅದಕ್ಕೂ ಮೊದಲಿನ ಸುಳಿವು.

ಪರೀಕ್ಷೆಗೆ ವಾರದ ರಜೆ ಮುಗಿದ ಬೆಳಗ್ಗೆ, ಶಿಫ್ಟಿಗೆ ಮೊದಲೇ ಹೋಗಬೇಕು. ಕನಿಷ್ಠ 14 ಗಂಟೆ ಗದ್ದಲದಿಂದ ದೂರವಿದ್ದರೆ ತಾತ್ಕಾಲಿಕ ಮಂದತನ ಬಹುಮಟ್ಟಿಗೆ ಇಳಿದು, ಉಳಿದ ನಷ್ಟ ಸ್ಪಷ್ಟವಾಗುತ್ತದೆ. ಆಡಿಯೋಗ್ರಾಮ್ ಹಾಳೆಯಲ್ಲಿ ಗೆರೆ 4,000ದ ಬಳಿ ಕುಳಿಯಂತೆ ಇಳಿದು 8,000ಕ್ಕೆ ಮತ್ತೆ ಏರಿದ್ದರೆ ಗದ್ದಲದ ಮೇಲೆ ಅನುಮಾನ. ವಯಸ್ಸಿನ ಕಿವುಡಿನಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತಲೇ ಹೋಗುತ್ತದೆ.

ಪ್ಲಗ್ ಹಾಕುವುದಕ್ಕೂ ಒಂದು ಕ್ರಮವಿದೆ. ಎಣ್ಣೆಯಿಲ್ಲದ ಕೈಯಲ್ಲಿ ಸ್ಪಂಜನ್ನು ಸಣ್ಣ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಅರಳುವ ತನಕ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಎದುರಿನಿಂದ ನೋಡಿದಾಗ ಪ್ಲಗ್ಗಿನ ತುದಿ ಕಿವಿಯಿಂದ ಹೊರಚಾಚಿ ಕಂಡರೆ ಸರಿಯಾಗಿ ಕೂತಿಲ್ಲ. ಮಾತಾಡಬೇಕಾದರೆ ಪ್ಲಗ್ ತೆಗೆಯುವ ಬದಲು ಶೆಡ್ಡಿನಿಂದ ಹೊರಗೆ ಬರುವುದು ಮೇಲು. ಆದರೆ ಹೊಸೂರು ರಸ್ತೆಯ ಜಂಕ್ಷನ್ನಿನಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸರಿಗೆ ಈ ಸ್ಪಂಜು ಅಪಾಯ, ಹಿಂದಿನ ವಾಹನವೇ ಕೇಳದು. ಸದ್ದನ್ನು ಸಮನಾಗಿ ತಗ್ಗಿಸಿ ಮಾತು ತಿಳಿಯುವಂತೆ ಬಿಡುವ ಫಿಲ್ಟರ್ ಪ್ಲಗ್ ಅವರಿಗೆ ಹೊಂದುತ್ತದೆ. ಅವರ ಸ್ವಂತ ಸೀಟಿಯೂ ಅವರ ಕಿವಿಗೆ ಕಡಿಮೆ ಹೊಡೆತವೇನಲ್ಲ.

ಗದ್ದಲದಿಂದಾದ ಕಿವುಡು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು, ಇಎಸ್‌ಐ ಕಾಯ್ದೆಯ ಔದ್ಯೋಗಿಕ ಕಾಯಿಲೆಗಳಲ್ಲೂ ಇತ್ತು. ಗುತ್ತಿಗೆ ಕೆಲಸದವರು ಕಂಪನಿ ಬದಲಿಸುತ್ತಲೇ ಇರುತ್ತಾರೆ. ಆಗ ನಷ್ಟ ಯಾವಾಗ ಶುರುವಾಯಿತು ಎಂದು ತೋರಿಸಲು ಸೇರುವಾಗಿನ ಆಡಿಯೋಗ್ರಾಮ್ ಬೇಕಾಗುತ್ತದೆ. ಅದರ ಒಂದು ಪ್ರತಿ ಕಂಪನಿಯ ಫೈಲಿನಲ್ಲಷ್ಟೇ ಅಲ್ಲ, ಕೆಲಸಗಾರನ ಮನೆಯಲ್ಲೂ ಇರಬೇಕು.