ಬಡ್ಡಿ ಬರೆಯದ ಸಾಲಪತ್ರ

ಕೇಂದ್ರ ಸರ್ಕಾರ ಒಂದು ವರ್ಷದೊಳಗೆ ತೀರಿಸುವ ಸಾಲಕ್ಕೆ ಹೊರಡಿಸುವ ಟ್ರೆಜರಿ ಬಿಲ್ಲಿಗೆ ಬಡ್ಡಿ ದರವೆಂಬುದೇ ಇರುವುದಿಲ್ಲ. ನೂರು ರೂಪಾಯಿ ಮುಖಬೆಲೆಯ ಬಿಲ್ಲನ್ನು ಅದಕ್ಕಿಂತ ಕಡಿಮೆ ಬೆಲೆಗೆ ಮಾರುತ್ತಾರೆ, ಅವಧಿ ಮುಗಿದ ದಿನ ಪೂರ್ತಿ ನೂರು ಕೊಡುತ್ತಾರೆ. ನಡುವೆ ಒಂದು ಪೈಸೆಯೂ ಬರುವುದಿಲ್ಲ. ಹಾಗಿದ್ದರೂ ಹರಾಜು ಮುಗಿದ ಮೇಲೆ ರಿಸರ್ವ್ ಬ್ಯಾಂಕ್ ಬೆಲೆಯ ಪಕ್ಕದಲ್ಲೇ ಶೇಕಡಾ ಲೆಕ್ಕದ ಒಂದು ಇಳುವರಿಯನ್ನೂ ಪ್ರಕಟಿಸುತ್ತದೆ. ಬಡ್ಡಿಯೇ ಇಲ್ಲದ ಕಡೆ ಆ ಶೇಕಡಾ ಎಲ್ಲಿಂದ ಬಂತು?

ಸಾಲ ಕೊಡುವಾಗಲೇ ಬಡ್ಡಿ ಮುರಿದುಕೊಳ್ಳುವ ಲೇವಾದೇವಿಗಾರನನ್ನು ನೆನೆಸಿಕೊಳ್ಳಿ. ಹತ್ತು ಸಾವಿರಕ್ಕೆ ಶೇ 10 ಎಂದು ಒಂಬತ್ತು ಸಾವಿರ ಎಣಿಸಿ ಕೊಟ್ಟರೆ, ಅವನ ಕೈಯಿಂದ ಹೋದದ್ದು ಒಂಬತ್ತೇ ಸಾವಿರ. ಅದರ ಮೇಲೆ ಸಾವಿರ ಗಳಿಸಿದರೆ ನಿಜವಾದ ಬಡ್ಡಿ ಶೇ 11ನ್ನು ದಾಟುತ್ತದೆ. ಟ್ರೆಜರಿ ಬಿಲ್ಲಿನಲ್ಲಿ ಆ ಲೇವಾದೇವಿಗಾರನ ಜಾಗದಲ್ಲಿ ಕೂತವರು ನಾವು. ಸಾಲ ಪಡೆಯುವುದು ಸರ್ಕಾರ.

ಈಗ ಒಂದು ಲೆಕ್ಕ ಮಾಡೋಣ. 91 ದಿನದ ಬಿಲ್ 98 ರೂಪಾಯಿ 40 ಪೈಸೆಗೆ ಸಿಕ್ಕಿತು ಎನ್ನಿ. ಕನಿಷ್ಠ ಖರೀದಿ ಹತ್ತು ಸಾವಿರ ಮುಖಬೆಲೆಯದ್ದು, ಅಂದರೆ ನೀವು ಕೊಡುವುದು 9,840, ಕೊನೆಗೆ ಸಿಗುವುದು 10,000. ಸೋಡಿ 160 ರೂಪಾಯಿ. ಇದನ್ನು ನೀವು ಕೊಟ್ಟ 9,840ರಿಂದ ಭಾಗಿಸಿದರೆ ಶೇ 1.626. ಇದು 91 ದಿನದ ಗಳಿಕೆ. ವರ್ಷದ ದರಕ್ಕೆ ತರಲು 365ರಿಂದ ಗುಣಿಸಿ 91ರಿಂದ ಭಾಗಿಸಬೇಕು. ಆಗ ಶೇ 6.52 ಬರುತ್ತದೆ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಇಳುವರಿಯ ಹಿಂದೆ ಇರುವುದು ಇಷ್ಟೇ ಗಣಿತ:

```
ಇಳುವರಿ = (100 − ಬೆಲೆ) ÷ ಬೆಲೆ × 365 ÷ ದಿನ × 100
```

ಎಡವುವುದು ಭಾಗಿಸುವ ಸಂಖ್ಯೆಯಲ್ಲಿ. ಸೋಡಿಯನ್ನು ಬೆಲೆಯಿಂದ ಭಾಗಿಸದೆ ಮುಖಬೆಲೆಯಾದ ನೂರರಿಂದ ಭಾಗಿಸಿದರೆ ಇದೇ ಬಿಲ್ ಶೇ 6.42ಕ್ಕೆ ಇಳಿಯುತ್ತದೆ. ಅಮೆರಿಕದ ಪೇಟೆಯಲ್ಲಿ ಹಳೆಯ ರೂಢಿಯೊಂದು ಇನ್ನೂ ಉಳಿದಿದೆ. ಅಲ್ಲಿ ಸೋಡಿ ದರ ಹೇಳುವಾಗ ನೂರರಿಂದಲೇ ಭಾಗಿಸುತ್ತಾರೆ, ವರ್ಷಕ್ಕೆ 360 ದಿನ ಎಂದೂ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಬಿಲ್ ಶೇ 6.33 ಮಾತ್ರ. ಗಳಿಕೆ ಅದೇ 160 ರೂಪಾಯಿ. ಹಾಗಾಗಿ ಎರಡು ದೇಶಗಳ ದರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಮೊದಲು ಅದು ಸೋಡಿ ದರವೋ ಇಳುವರಿಯೋ ಎಂದು ಕೇಳಿಕೊಳ್ಳಬೇಕು. ಅವಧಿ ಹೆಚ್ಚಿದಂತೆ ಈ ಅಂತರ ಹಿಗ್ಗುತ್ತದೆ: 364 ದಿನದ ಬಿಲ್ಲನ್ನು 93 ರೂಪಾಯಿ 90 ಪೈಸೆಗೆ ಕೊಂಡರೆ ಸೋಡಿ 6 ರೂಪಾಯಿ 10 ಪೈಸೆ, ಇಳುವರಿ ಮಾತ್ರ ಶೇ 6.51.

ಬೆಲೆಯನ್ನು ನಿರ್ಧರಿಸುವುದು ಹರಾಜು. ಸಾಮಾನ್ಯವಾಗಿ ಬುಧವಾರ 91, 182 ಮತ್ತು 364 ದಿನದ ಬಿಲ್ಲುಗಳಿಗೆ ಬ್ಯಾಂಕುಗಳು, ಮ್ಯೂಚುವಲ್ ಫಂಡುಗಳು ಬೆಲೆ ಕೂಗುತ್ತವೆ. ಕೊಳ್ಳುವ ಆತುರ ಹೆಚ್ಚಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಸೋಡಿ ಕರಗುತ್ತದೆ. ನಮ್ಮ ಬಿಲ್ 20 ಪೈಸೆ ಏರಿ 98.60 ಆದರೂ ಸಾಕು, ಇಳುವರಿ 6.52ರಿಂದ ಸುಮಾರು 5.70ಕ್ಕೆ ಬೀಳುತ್ತದೆ. ಪುಡಿ ಪೈಸೆಗಾಗಿ ಅಲ್ಲಿ ಅಷ್ಟು ಜಗ್ಗಾಟ ನಡೆಯುವುದು ಇದಕ್ಕೇ. 2021ರ ನವೆಂಬರಿನಲ್ಲಿ ಶುರುವಾದ ರಿಟೇಲ್ ಡೈರೆಕ್ಟ್ ಖಾತೆಯ ಮೂಲಕ ನಮ್ಮಂಥವರೂ ಸೇರಬಹುದು. ಆದರೆ ನಾವು ಬೆಲೆ ಕೂಗುವುದಿಲ್ಲ, ಎಷ್ಟು ಬೇಕೆಂದಷ್ಟೇ ಹೇಳುತ್ತೇವೆ. ದೊಡ್ಡವರು ಗೆದ್ದ ಬೆಲೆಗಳ ತೂಕದ ಸರಾಸರಿ ನಮಗೆ ಅನ್ವಯಿಸುತ್ತದೆ. ಹಾಗಾಗಿ ಅರ್ಜಿ ಹಾಕುವಾಗ ಇಳುವರಿ ಎಷ್ಟೆಂದು ಗೊತ್ತಿರುವುದಿಲ್ಲ.

ಗೊತ್ತಾದ ಮೇಲೂ ಆ ದರ ನಿಮ್ಮದಾಗುವುದು ಕೊನೆಯ ದಿನದವರೆಗೆ ಇಟ್ಟುಕೊಂಡರೆ ಮಾತ್ರ. 45 ದಿನಕ್ಕೆ ಹಣದ ತುರ್ತು ಬಂದು ಮಾರಬೇಕಾಯಿತು, ಅಷ್ಟರಲ್ಲಿ ಪೇಟೆಯ ಇಳುವರಿ ಶೇ 7.5ಕ್ಕೆ ಏರಿತ್ತು ಎನ್ನಿ. ಉಳಿದ 46 ದಿನಕ್ಕೆ ಹೊಸಬನಿಗೆ ಶೇ 7.5 ಸಿಗಬೇಕಾದರೆ ಅವನು 99 ರೂಪಾಯಿ 6 ಪೈಸೆಗಿಂತ ಹೆಚ್ಚು ಕೊಡಲಾರ. ದರ ಕದಲದೆ ಇದ್ದಿದ್ದರೆ ನಿಮಗೆ 78 ರೂಪಾಯಿ ಲಾಭವಾಗುತ್ತಿತ್ತು, ಈಗ 66. ವರ್ಷದ ಲೆಕ್ಕದಲ್ಲಿ ಶೇ 5.5ರ ಆಸುಪಾಸು. ದರ ಇಳಿದಿದ್ದರೆ ಉಲ್ಟಾ, ಲಾಭ ಹೆಚ್ಚುತ್ತಿತ್ತು. ಚಿಕ್ಕ ಮೊತ್ತಕ್ಕೆ ಕೊಳ್ಳುವವರು ಸಿಗುವುದೂ ಸುಲಭವಲ್ಲ.

ಇನ್ನು, ಶೇ 6.52 ಎಂಬುದು ಸರಳ ಬಡ್ಡಿಯ ಲೆಕ್ಕ. ಪ್ರತಿ 91 ದಿನಕ್ಕೂ ಬಂದ ಹಣವನ್ನು ಅದೇ ದರಕ್ಕೆ ಮತ್ತೆ ತೊಡಗಿಸುತ್ತಾ ಹೋದರೆ ವರ್ಷಕ್ಕೆ ಶೇ 6.68 ಆಗುತ್ತದೆ. ಆದರೆ ಮುಂದಿನ ಹರಾಜಿನಲ್ಲಿ ಅದೇ ದರ ಸಿಗುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. ಬ್ಯಾಂಕ್ ಠೇವಣಿಯ ಜೊತೆ ಹೋಲಿಸುವಾಗ ಎರಡರಲ್ಲೂ ಚಕ್ರಬಡ್ಡಿ ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ. ಆ 160 ರೂಪಾಯಿಯೂ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ತೆರಿಗೆ ಹಂತದ ದರದಲ್ಲೇ ತೆರಿಗೆ ಬೀಳುತ್ತದೆ. ಶೇ 30ರ ಹಂತದವರಿಗೆ ಉಳಿಯುವುದು, ಸೆಸ್ ಬಿಟ್ಟು, 112 ರೂಪಾಯಿ.