ಮೀಟರ್ ತಪ್ಪಾಗಿ ಓದಿದ ಮೇಲೆ ಬರಬೇಕಾದ ಪತ್ರ

ಒಂದು ಮನೆಯ ಕರೆಂಟ್ ಬಿಲ್ ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದಿನ ಮಾಪನ 4215, ಈ ತಿಂಗಳು ಮೀಟರ್ ತೋರಿಸುತ್ತಿದ್ದದ್ದು 4361. ಮೀಟರ್ ರೀಡರ್ ಅದನ್ನು 4461 ಎಂದು ನಮೂದಿಸಿದರು. 146 ಯೂನಿಟ್ ಆಗಬೇಕಾದದ್ದು 246 ಆಯಿತು.

ಗೃಹಜ್ಯೋತಿಯಲ್ಲಿ ಈ ಮನೆಗಿರುವ ಉಚಿತ ಮಿತಿ 160 ಯೂನಿಟ್ ಎಂದಿಟ್ಟುಕೊಳ್ಳಿ. ಸರಿಯಾಗಿ ಓದಿದ್ದರೆ ಬಿಲ್ ಸೊನ್ನೆ. ಆದರೆ ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಒಂದೇ ಅಂಕಿಯ ತಪ್ಪಿನಿಂದ ಸುಮಾರು 1,800 ರೂಪಾಯಿ ಬಂತು. ಕರೆಂಟ್ ಕಿತ್ತಾರೆಂಬ ಭಯಕ್ಕೆ ಮನೆಯವರು ಕಟ್ಟಿಬಿಟ್ಟರು.

ದೂರು ಕೊಟ್ಟಾಗ ಸಾಮಾನ್ಯವಾಗಿ ಸಿಗುವ ಉತ್ತರ: “ತಾಂತ್ರಿಕ ಕಾರಣದಿಂದ ತೊಂದರೆಯಾಗಿದ್ದರೆ ವಿಷಾದಿಸುತ್ತೇವೆ. ಮುಂದಿನ ತಿಂಗಳು ಅಡ್ಜಸ್ಟ್ ಆಗುತ್ತದೆ.” ತೊಂದರೆ ಆಗಿಯೇ ಬಿಟ್ಟಿದೆ, ಹಾಗಿರುವಾಗ “ಆಗಿದ್ದರೆ” ಎಂಬ ಅನುಮಾನ ಯಾಕೆ? ತಪ್ಪು ಯಾರದೆಂದೂ ಇದರಲ್ಲಿಲ್ಲ. ಇದಕ್ಕಿಂತ ಅಪಾಯ ಎರಡನೆಯ ವಾಕ್ಯದಲ್ಲಿದೆ. ಮುಂದಿನ ತಿಂಗಳು ಮೀಟರ್ 4500 ತೋರಿಸಿದರೆ, 4461ನ್ನು ಕಳೆದು ಬರುವುದು 39 ಯೂನಿಟ್. ಬಿಲ್ ಸೊನ್ನೆ. ನಿಜಕ್ಕೂ ಬಳಸಿದ್ದು 139, ಅದಕ್ಕೂ ಬಿಲ್ ಸೊನ್ನೆಯೇ ಬರುತ್ತಿತ್ತು. ಯೂನಿಟ್‌ಗಳ ಲೆಕ್ಕ ಸರಿಹೋಯಿತು, ಕಟ್ಟಿದ 1,800 ಮಾತ್ರ ವಾಪಸ್ ಬರಲಿಲ್ಲ. ಉತ್ತರ ಬರೆದವರು ಆ ಬಿಲ್ಲನ್ನು ಬಿಡಿಸಿ ನೋಡಿಯೇ ಇಲ್ಲ. ಗ್ರಾಹಕರು ಏನು ಕಳೆದುಕೊಂಡರು ಎಂದು ತಿಳಿದುಕೊಳ್ಳದೆ ಕೇಳುವ ಕ್ಷಮೆ ಪ್ರಾಮಾಣಿಕ ಎಂದು ನಾನು ಒಪ್ಪಲಾರೆ.

ಕಚೇರಿ ಬರೆಯಬೇಕಾದದ್ದು ಹೀಗೆ: “ನಿಮ್ಮ ಮೀಟರ್‌ನಲ್ಲಿ 4361 ಇತ್ತು, ನಾವು 4461 ಎಂದು ದಾಖಲಿಸಿದೆವು. ಹಿಂದಿನ ತಿಂಗಳುಗಳಿಗಿಂತ ಬಳಕೆ ಇಷ್ಟು ಏರಿದ್ದನ್ನು ಬಿಲ್ ಕೊಡುವ ಮೊದಲೇ ಪರಿಶೀಲಿಸಬೇಕಿತ್ತು, ಪರಿಶೀಲಿಸಲಿಲ್ಲ. ತಪ್ಪು ನಮ್ಮದು, ಕ್ಷಮಿಸಿ. ಆ ತಿಂಗಳ ಬಿಲ್ಲನ್ನು 146 ಯೂನಿಟ್‌ಗೆ ಪರಿಷ್ಕರಿಸಿ, ಉಚಿತ ಸೌಲಭ್ಯವನ್ನು ಮರಳಿ ಅನ್ವಯಿಸಿದ್ದೇವೆ. ನೀವು ಕಟ್ಟಿದ ಪೂರ್ತಿ ಹಣವನ್ನು ಈ ತಿಂಗಳ 20ರೊಳಗೆ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತೇವೆ.” ಕೊನೆಯಲ್ಲಿ ಸಹಿ ಮಾಡಿದವರ ಹೆಸರು, ನೇರವಾಗಿ ಸಿಗುವ ಫೋನ್ ನಂಬರ್.

ಇಲ್ಲಿ ಮೀಟರ್ ರೀಡರ್ ಮೇಲೆ ದೂರು ಹಾಕಿ ಕಚೇರಿ ಹಿಂದೆ ಸರಿದಿಲ್ಲ. ದಿನವಿಡೀ ಬಿಸಿಲಲ್ಲಿ ಮನೆ ಮನೆ ಸುತ್ತುವವರ ಕಣ್ಣು ಒಮ್ಮೆ ತಪ್ಪಬಹುದು. ಆ ತಪ್ಪು ಬಿಲ್ಲಾಗಿ ಮನೆ ಸೇರದಂತೆ ತಡೆಯಬೇಕಾದದ್ದು ಕಚೇರಿ. ಹಣವನ್ನು ಖಾತೆಗೇ ಹಾಕುವುದಕ್ಕೂ ಕಾರಣವಿದೆ. ತಿಂಗಳು ತಿಂಗಳು ಸೊನ್ನೆ ಬಿಲ್ ಬರುವ ಮನೆಗೆ “ಮುಂದಿನ ಬಿಲ್‌ಗಳಲ್ಲಿ ಕಳೆಯುತ್ತೇವೆ” ಎಂದರೆ, ಕಳೆಯಲು ಬಿಲ್ಲೇ ಇರುವುದಿಲ್ಲ.

ಮಾತು ನಡೆಯಿತೋ ಇಲ್ಲವೋ ಎಂದು ನೋಡಲು ಬ್ಯಾಂಕಿನ ಪಾಸ್‌ಬುಕ್ ಜೊತೆಗೆ ಮುಂದಿನ ಬಿಲ್ಲನ್ನೂ ತೆಗೆಯಿರಿ. “ಹಿಂದಿನ ಮಾಪನ” ಎಂಬಲ್ಲಿ 4361 ಇದ್ದರೆ ದಾಖಲೆ ತಿದ್ದಿದ್ದಾರೆ. 4461 ಎಂದೇ ಇದ್ದರೆ ಪತ್ರವನ್ನೂ ಆ ಬಿಲ್ಲನ್ನೂ ಮೀಟರಿನ ಫೋಟೋವನ್ನೂ ಜೊತೆಗಿಟ್ಟು ಉಪವಿಭಾಗ ಕಚೇರಿಗೆ ಮತ್ತೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.